24/31: ಬದುವಿನ ಮೇಲೆ ಕೂತ ಚಂದ್ರ

ಕಳೆದ ಭಾನುವಾರ ಸಂಜೆ ನಮ್ಮ ಮನೆಯ ಮಾಳಿಗೆಯ ಮೇಲೆ ನಡೆದ ಪಂಚಾಯಿತಿಯಲ್ಲಿ ನಾನು ತಪ್ಪಿತಸ್ಥನೆಂದು ತೀರ್ಮಾನವಾಗಿದೆ. ಕಲಬುರಗಿಯ ಮೇ ತಿಂಗಳ ಕಾವಿಗೆ ಹೆದರಿ ಹಾಸಿಗೆಯನ್ನು ಮಾಳಿಗೆಗೆ ಸಾಗಿಸುವವರಿಗೆಲ್ಲ ಆಕಾಶ ನೋಡುವ ಅಭ್ಯಾಸ ತಾನಾಗಿಯೇ ಬರುತ್ತದೆ. ಅವ್ವ ಅಂದು ಹುಣ್ಣಿಮೆಯೆಂದು ಬೆಳಗಿನಿಂದ ಉಪವಾಸವಿದ್ದು, ಹೋಳಿಗೆ ಮಾಡಿ, ಹಾಲಿನವನಿಂದ ಒಂದು ಲೀಟರ್ ಹೆಚ್ಚಿಗೆ ಹಾಲು ಹಾಕಿಸಿಕೊಂಡು, ಹೊತ್ತು ಮುಳುಗುವಾಗ ಮೂಡಣಕ್ಕೆ ಮುಖ ಮಾಡಿ ನಿಂತಳು. ಮೂಡಣದಲ್ಲಿ ಮೊಬೈಲ್ ಟವರಿನ ಕೆಂಪು ದೀಪದ ಹೊರತು ಏನೂ ಮೂಡಲಿಲ್ಲ. ಬಹಳ ಹೊತ್ತಿನ ಮೇಲೆ ಕತ್ತೆತ್ತಿದರೆ, ಚಂದ್ರ ಆಗಲೇ ಹೆಚ್ಚುಕಡಿಮೆ ನೆತ್ತಿಯ ಮೇಲೆ, ಅರ್ಧಕ್ಕಿಂತ ತುಸು ದಪ್ಪಗಾಗಿ, ನಿರಾಳವಾಗಿ ಕುಳಿತಿದ್ದ.

"ಕ್ಯಾಲೆಂಡರನ್ಯಾಗ ಹುಣ್ಣಿಮಿ ಅಂತ ಹಾಕೀದಿ, ಇಲ್ಲಿ ನೋಡಿದ್ರ ಚಂದ್ರ ಅರ್ಧಾನೇ ಅದಾನ. ಉಳದರ್ಧ ಎಲ್ಲಿಟ್ಟೀದೋ?" ಎಂದು ಅವ್ವ ಕೇಳಿದಳು. ಆ ಕ್ಯಾಲೆಂಡರನ್ನು ವಿನ್ಯಾಸ ಮಾಡಿದವನು ನಾನೇ ಆದ್ದರಿಂದ ಬೇರೆಯವರ ಹೆಸರು ಹೇಳಿ ಪಾರಾಗುವ ದಾರಿಯೂ ಇರಲಿಲ್ಲ.

ತಪ್ಪಿನ ಮೂಲ ನನ್ನ ಗಿರಾಕಿಯ ಎತ್ತುಗಳು. ಹಗ್ಗ, ಮೂಗುದಾಣ, ಗೊಂಡೆ, ಗೆಜ್ಜೆ ಮಾರುವ ಒಬ್ಬ ಸಾವಕಾರರು ತಮ್ಮ ಅಂಗಡಿಯ ಹೆಸರಿನಲ್ಲಿ ಹಂಚಲು 2026ರ ಗೋಡೆ ಕ್ಯಾಲೆಂಡರನ್ನು ನನ್ನಿಂದ ಮಾಡಿಸಿದರು. ಹಾಳೆಯ ಎತ್ತರ 20 ಇಂಚು. ತಿಂಗಳ ಹೆಸರು ಮತ್ತು ಮಾಸ, ಋತುಗಳ ವಿವರಕ್ಕೆ ಮೂರೂವರೆ, ವಾರಗಳ ಹೆಸರಿಗೆ ಅರ್ಧ, ತಳದಲ್ಲಿ ಜಾಹೀರಾತಿಗೆ ನಾಲ್ಕು ಇಂಚು ಹೋದರೆ ದಿನಗಳಿಗೆ ಉಳಿಯುವುದು 12 ಇಂಚು. ಐದು ಸಾಲು ಹಾಕಿದರೆ ಪ್ರತಿ ಚೌಕಕ್ಕೂ 2.4 ಇಂಚು ಎತ್ತರ ಸಿಗುತ್ತದೆ. ದೊಡ್ಡ ಅಂಕಿ, ಅದರ ಕೆಳಗೆ ತಿಥಿ, ನಕ್ಷತ್ರ, ಹಬ್ಬದ ಹೆಸರು, ಕೊನೆಗೆ ಹಾಲಿನ ಲೆಕ್ಕ ಬರೆಯಲು ಒಂದಿಷ್ಟು ಬಿಳಿ ಜಾಗ, ಎಲ್ಲವೂ ಹಿಡಿಸುತ್ತವೆ. ಆದರೆ ಭಾನುವಾರದಿಂದ ಆರಂಭವಾಗುವ ಪಟ್ಟಿಯಲ್ಲಿ, 31 ದಿನಗಳ ತಿಂಗಳೊಂದು ಶುಕ್ರವಾರವೋ ಶನಿವಾರವೋ ಹುಟ್ಟಿದರೆ ಐದು ಸಾಲು ಸಾಲುವುದಿಲ್ಲ. ಈ ವರ್ಷ ಮೇ ಶುಕ್ರವಾರ ಹುಟ್ಟಿದೆ, ಆಗಸ್ಟ್ ಶನಿವಾರ ಹುಟ್ಟಲಿದೆ. ಮೇ ತಿಂಗಳ 31ನೇ ತಾರೀಖು ಒಂದೇ ಒಂದು ದಿನಕ್ಕಾಗಿ ಆರನೆಯ ಸಾಲನ್ನು ಕೇಳುತ್ತದೆ.

ಆರು ಸಾಲು ಹಾಕಿ ಚೌಕಗಳನ್ನು ಎರಡೆರಡು ಇಂಚಿಗೆ ಇಳಿಸೋಣವೆಂದೆ. ಎಲ್ಲ ತಿಂಗಳೂ ಒಂದೇ ಅಳತೆಯಲ್ಲಿ ಕಾಣಬೇಕೆಂದು ಸಾವಕಾರರು ಹಟ ಹಿಡಿದರು. ಹಾಗಾದರೆ ಆ ಎರಡು ತಿಂಗಳಲ್ಲಿ ಜಾಹೀರಾತನ್ನು ತುಸು ಕುಗ್ಗಿಸೋಣವೆಂದೆ. ಜಾಹೀರಾತಿನಲ್ಲಿ ಅವರ ಜೋಡಿ ಎತ್ತುಗಳ ಫೋಟೋ ಇತ್ತು. ಒಂದು ಇಂಚು ಕತ್ತರಿಸಿ ಪರದೆಯ ಮೇಲೆ ತೋರಿಸಿದಾಗ ಅವರು ಕುರ್ಚಿಯಿಂದ ಎದ್ದೇ ಬಿಟ್ಟರು: "ಸರ, ಎತ್ತಿನ ಕಾಲ್ ಎಲ್ಲಿ ಹ್ವಾದ್ವು? ಕಾಲಿಲ್ಲದ ಎತ್ತು ಯಾರ ಕೊಳ್ತಾರ್ರಿ?" ನೀವು ಮಾರುವುದು ಹಗ್ಗವನ್ನಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಮೇಲಿನಿಂದ ಕತ್ತರಿಸಿದರೆ ಕೊಂಬು ಹೋದವು, ಕೊಂಬು ಹೋದರೆ ಕೊಂಬಿನ ಗೊಂಡೆಯೂ ಹೋಯಿತು, ಗೊಂಡೆಯಂತೂ ಅವರ ಅಂಗಡಿಯದೇ. ಇಡೀ ಫೋಟೋವನ್ನು ಸಣ್ಣದು ಮಾಡಿದರೆ ಎತ್ತುಗಳು ಹೋರಿಗರುಗಳಂತೆ ಕಾಣುತ್ತವೆ ಎಂದರು. ಮರುದಿನ ಬಂದು, ಎತ್ತುಗಳ ಹಿಂದೆ ತಾವೂ ನಿಂತಿರುವ ಇನ್ನೊಂದು ಫೋಟೋ ಕೊಟ್ಟು, ಇದಕ್ಕೆ ನಾಲ್ಕೂವರೆ ಇಂಚು ಬೇಕಾಗಬಹುದೆಂದು ನಯವಾಗಿ ಸೂಚಿಸಿದರು. ಎತ್ತುಗಳ ಕಾಲು ಉಳಿಸಲು ನಾನು ಎರಡು ಭಾನುವಾರಗಳನ್ನು ಒಂದೇ ಚೌಕಕ್ಕೆ ತುರುಕಿದೆ.

ಕ್ರಮ ಹಳೆಯದೇ: ಚೌಕದ ಮೇಲಿನ ಬಲ ಮೂಲೆಯಿಂದ ಕೆಳಗಿನ ಎಡ ಮೂಲೆಗೆ ಓರೆ ಗೆರೆ, ಗೆರೆಯ ಮೇಲೆ 24, ಕೆಳಗೆ 31. ಆದರೆ ಹುಣ್ಣಿಮೆಯ ಬಿಳಿ ಬಟ್ಟನ್ನೂ ಅಮಾವಾಸ್ಯೆಯ ಕಪ್ಪು ಬಟ್ಟನ್ನೂ ನಾನು ಹನ್ನೆರಡು ತಿಂಗಳಿಗೂ ಮೇಲಿನ ಬಲ ಮೂಲೆಯಲ್ಲೇ ಕೂರಿಸಿದ್ದೆ. ಮೇ 31ರ ಹುಣ್ಣಿಮೆಯನ್ನೂ ಅದೇ ಜಾಗದಲ್ಲಿಟ್ಟೆ. ಚಂದ್ರ ಸರಿಯಾಗಿ ಎರಡು ಹೊಲಗಳ ನಡುವಿನ ಬದುವಿನ ಮೇಲೆ ಕುಳಿತ. ನೋಡುವವರ ಕಣ್ಣು ಮೊದಲು 24ರ ಮೇಲೆ ಬಿದ್ದುದರಿಂದ ಮೇಲಿನ ಹೊಲದವರು ಅವನನ್ನು ಒತ್ತುವರಿ ಮಾಡಿಕೊಂಡರು.

ಇದನ್ನು ಪತ್ತೆ ಹಚ್ಚಲು ಪಂಚಾಂಗವೇ ಬೇಕೆಂದಿಲ್ಲ. ಅದೇ ಹಾಳೆಯಲ್ಲಿ 16ನೇ ತಾರೀಖಿಗೆ ಕಪ್ಪು ಬಟ್ಟಿದೆ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಹದಿನೈದು ದಿನ ಬೇಕು. ಎಂಟೇ ದಿನಕ್ಕೆ ತುಂಬುವ ಚಂದ್ರ ಆಕಾಶದಲ್ಲಿ ಇನ್ನೂ ಹುಟ್ಟಿಲ್ಲ. ತುಂಬಿದ ಚಂದ್ರನಾದರೆ ಸೂರ್ಯ ಮುಳುಗುವ ವೇಳೆಗೆ ಮೂಡಣದಲ್ಲಿ ಮೂಡಬೇಕು, ಅರ್ಧ ಚಂದ್ರನಾದರೆ ಆ ಹೊತ್ತಿಗೆ ನೆತ್ತಿಯ ಆಸುಪಾಸಿನಲ್ಲಿರುತ್ತಾನೆ. ಅಚ್ಚಿಗೆ ಕಳುಹಿಸುವ ಮುನ್ನ ಈ ಹದಿನೈದರ ಲೆಕ್ಕವನ್ನು ಬೆರಳಿನಲ್ಲಿ ಎಣಿಸಿದ್ದೆನಾದರೂ, ನಾನು ಎಣಿಸಿದ್ದು 31ರ ವರೆಗೆ. ಓದುವವರು 24ಕ್ಕೇ ನಿಲ್ಲುತ್ತಾರೆಂದು ಹೊಳೆಯಲಿಲ್ಲ.

ವಿಚಿತ್ರವೆಂದರೆ, ಆ ಚೌಕದ ಬಗ್ಗೆಯೇ ನಾನೂ ಸಾವಕಾರರೂ ಡಿಸೆಂಬರಿನಲ್ಲಿ ಎರಡು ದಿನ ಜಗಳವಾಡಿದ್ದೆವು. ಜ್ಯೇಷ್ಠದ ಹುಣ್ಣಿಮೆಯೆಂದರೆ ಕಾರ ಹುಣ್ಣಿಮೆ, ಕಾರ ಹುಣ್ಣಿಮೆಯೆಂದರೆ ಅವರ ವರ್ಷದ ವ್ಯಾಪಾರ. ಆದ್ದರಿಂದ 31ರಂದು ಕೆಂಪು ಅಕ್ಷರದಲ್ಲಿ ಹಾಕಲೇಬೇಕೆಂದರು. ಈ ವರ್ಷ ಎರಡು ಜ್ಯೇಷ್ಠಗಳಿವೆ. ಮೇ 17ರಿಂದ ಜೂನ್ 15ರ ವರೆಗಿನದು ಅಧಿಕ, ಅದರಲ್ಲಿ ಹಬ್ಬ ಬರುವುದಿಲ್ಲ, ನಿಜ ಜ್ಯೇಷ್ಠದ ಹುಣ್ಣಿಮೆ ಜೂನ್ 29ಕ್ಕೆ ಎಂದು ಪಂಚಾಂಗ ಬಿಡಿಸಿ ತೋರಿಸಿದೆ. ಒಂದು ತಿಂಗಳು ಮೊದಲೇ ಎತ್ತಿಗೆ ಬಣ್ಣ ಬಳಿಸುವ ಅನಾಹುತವನ್ನು ತಪ್ಪಿಸಿದ ಹೆಮ್ಮೆಯಲ್ಲಿ ನಾನಿದ್ದೆ. ಯಾವ ಹುಣ್ಣಿಮೆ ಎಂಬ ಚರ್ಚೆ ಅಷ್ಟು ಜೋರಾಗಿ ನಡೆದುದರಿಂದ, ಆ ಹುಣ್ಣಿಮೆ ಎಲ್ಲಿ ಕುಳಿತಿದೆ ಎಂಬುದನ್ನು ಇಬ್ಬರೂ ನೋಡಲಿಲ್ಲ.

ಓರೆ ಗೆರೆ ಎಳೆಯುವಾಗ ನನಗೆ ಬುದ್ಧಿ ಬರಬೇಕಾಗಿತ್ತು. 2026ರ ವಾರಗಳು 2015ರ ವಾರಗಳ ಪಡಿಯಚ್ಚು. ಹಾಗಾಗಿ ಖಾಲಿ ಚೌಕಗಳ ಸಾಲನ್ನು ನನ್ನ 2015ರ ಫೈಲಿನಿಂದಲೇ ಎತ್ತಿಕೊಂಡಿದ್ದೆ. ಹಬ್ಬಗಳನ್ನೂ ಚಂದ್ರನನ್ನೂ ಮಾತ್ರ ಹೊಸದಾಗಿ ಹಾಕಬೇಕಾಯಿತು. 2015ರ ಯುಗಾದಿ ಮಾರ್ಚ್ 21ಕ್ಕಿತ್ತು, ಈ ವರ್ಷದ್ದು 19ಕ್ಕೆ ಬಂತು. ಆ ಹಳೆಯ ಕ್ಯಾಲೆಂಡರ್ ಇಂದಿಗೂ ನಮ್ಮ ಮನೆಯಲ್ಲಿದೆ, ಏಕೆಂದರೆ ಅಪ್ಪ ಬರೆದಿಟ್ಟ ಕೊನೆಯ ಕ್ಯಾಲೆಂಡರ್ ಅದು. ಗ್ಯಾಸ್ ಬಂದ ದಿನ, ಕರೆಂಟಿನ ಬಿಲ್ಲು, ಯಾರದೋ ಮದುವೆ, ಎಲ್ಲವೂ ಪೆನ್ಸಿಲಿನ ಸಣ್ಣ ಅಕ್ಷರಗಳಲ್ಲಿವೆ. ಭಾನುವಾರದ ಪಂಚಾಯಿತಿ ಮುಗಿದ ಮೇಲೆ ಅದರ ಮೇ ತಿಂಗಳನ್ನು ತೆಗೆದು ನೋಡಿದೆ. ಅಲ್ಲಿಯೂ 24/31, ಅದೇ ಓರೆ ಗೆರೆ, ಗೆರೆಯ ಮೇಲೆಯೇ ಅಪ್ಪನ ಕೈಬರಹ: "ಗಾಳಿ ಮಳೆ. ತಗಡು ಹಾರಿತು." ತಗಡು ಹಾರಿದ್ದು 24ಕ್ಕೆಂದು ಅವ್ವ ಹೇಳುತ್ತಾಳೆ, 31ಕ್ಕೆಂದು ನನ್ನ ನೆನಪು. ಕೇಳಿ ತಿಳಿಯೋಣವೆಂದರೆ ಬರೆದವರು ಇಲ್ಲ. ಇದ್ದಿದ್ದರೆ ಮೊದಲು ಗೆರೆ ಎಳೆದವನನ್ನೇ ಬೈಯುತ್ತಿದ್ದರು.

ಈಗ ಉಳಿದಿರುವುದು ಹಾಲಿನ ಲೆಕ್ಕ. ಕಳೆದ ಭಾನುವಾರದ ಹೆಚ್ಚಿನ ಒಂದು ಲೀಟರನ್ನು ಅವ್ವ ಅದೇ ಚೌಕದಲ್ಲಿ ಬರೆದಿದ್ದಾಳೆ. ಬರುವ ಭಾನುವಾರದ ನಿಜವಾದ ಹುಣ್ಣಿಮೆಗೆ ಇನ್ನೊಂದು ಲೀಟರ್ ಬರಲಿದೆ, ಬರೆಯಲು ಜಾಗವಿಲ್ಲ. ಒಂದೇ ಚೌಕದಲ್ಲಿ ಎರಡು ಸಲ ಬರೆದರೆ ಹಾಲಿನವನು ಒಪ್ಪುವುದಿಲ್ಲವೆಂದು ಅವಳ ಚಿಂತೆ. ನಿನ್ನೆ ಅವಳು 31ರ ಪಕ್ಕಕ್ಕೆ, ಗೆರೆಯಿಂದ ಸಾಕಷ್ಟು ದೂರದಲ್ಲಿ, ಬೆರಳಿನಿಂದ ಕುಂಕುಮದ ಬೊಟ್ಟೊಂದನ್ನು ಇಟ್ಟಳು. ಆಗಸ್ಟ್ ಹಾಳೆಯನ್ನೂ ತಿರುವಿ, 24/31ರ ಚೌಕದಲ್ಲಿ ಶ್ರಾವಣದ ಎರಡು ಸೋಮವಾರಗಳು ಒಂದರ ಮೇಲೊಂದು ಕುಳಿತಿರುವುದನ್ನು ನೋಡಿ, ಏನೂ ಅನ್ನದೆ ನನ್ನ ಮುಖವನ್ನೊಮ್ಮೆ ನೋಡಿದಳು.