50ಡಿ ಲ್ಯಾಪ್ ಎಲ್ಲಾ ಕಡೆ ನಡೆಯುತ್ತಾ?

"ಲ್ಯಾಪ್ 50ಡಿ ಕೊಟ್ರೆ ಎಲ್ಲಾ ಕಡೆ ಓಕೆ ಅಂತೆ, ತುದೀಲಿ ಹುಕ್ ಹಾಕಿದ್ರೆ ಅರ್ಧ ಸಾಕಂತೆ, ನಿಜಾನಾ?"

ಅರ್ಧ ನಿಜ ಅಷ್ಟೆ. ಲ್ಯಾಪ್ ಅಂದ್ರೆ ಎರಡು ಕಂಬಿ ಒಂದರ ಪಕ್ಕ ಒಂದು ಸೇರಿ ಓಡೋ ಉದ್ದ, ಡಿ ಅಂದ್ರೆ ಕಂಬಿಯ ವ್ಯಾಸ. 16 ಎಂಎಂ ಬಾರ್ ತಗೊಳ್ಳಿ, 500 ಗ್ರೇಡ್ ಕಂಬಿ, ಎಂ25 ಕಾಂಕ್ರೀಟ್. ಐಎಸ್ 456 ಪ್ರಕಾರ ಬಾಂಡ್ ಸ್ಟ್ರೆಸ್ 1.4 × 1.6 = 2.24, ಕಂಬೀಲಿ ಸ್ಟ್ರೆಸ್ 435, ಹಾಗಾಗಿ ಡೆವಲಪ್‌ಮೆಂಟ್ ಲೆಂತ್, ಅಂದ್ರೆ ಕಂಬಿ ಜಾರದೆ ಪೂರ್ತಿ ಬಲ ತಡೆಯೋಕೆ ಕಾಂಕ್ರೀಟ್ ಒಳಗೆ ಬೇಕಾದ ಉದ್ದ, 435 ÷ (4 × 2.24), ಅಂದ್ರೆ 48.5ಡಿ, ಸುಮಾರು 780 ಎಂಎಂ. ಇಲ್ಲಿಗೆ 50ಡಿ ಸರಿಹೋಯ್ತು, ಆದ್ರೆ ಎಂ20 ಆದ್ರೆ ಅದೇ 57ಡಿ ಆಗತ್ತೆ, ಆಗಲೇ ಸಾಲಲ್ಲ.

ಜನ ಮರೆಯೋದು ಕವರ್, ಅಂದ್ರೆ ಕಂಬಿಯಿಂದ ಹೊರಮೈವರೆಗಿನ ಕಾಂಕ್ರೀಟ್ ದಪ್ಪ. ಕಂಬಿಯ ರಿಬ್ಸ್ ಕಾಂಕ್ರೀಟನ್ನ ಬೆಣೆ ಥರ ಹೊರಗೆ ಒತ್ತತ್ವೆ, ಕವರ್ ತೆಳು ಇದ್ರೆ ಅದು ಸೀಳತ್ತೆ, ಅದಕ್ಕೇ ಬಿರುಕು ಬಾರ್‌ಗೆ ಅಡ್ಡ ಅಲ್ಲ, ಅದರ ಉದ್ದಕ್ಕೇ ಓಡಿದ್ರೆ ಬಾಂಡ್ ಮೇಲೇ ಮೊದಲ ಅನುಮಾನ. ಬೀಮ್‌ನ ಮೇಲಿನ ಬಾರ್ ಕೆಳಗೆ ನೀರು ಸೇರಿ ಹಿಡಿತ ಇನ್ನೂ ಕಡಿಮೆ. ನಮ್ಮ ಬಾರ್ ಮೇಲ್ಗಡೆ ಇದ್ದು ಕವರ್ 30 ಎಂಎಂ ಅಂದ್ರೆ 2ಡಿಗಿಂತ (32) ಕಮ್ಮಿ, ಲ್ಯಾಪ್ 1.4 ಪಟ್ಟು, ಸುಮಾರು 1090. ಅದು ಮೂಲೆ ಬಾರೂ ಆಗಿದ್ರೆ ಎರಡು ಪಟ್ಟು, 1550ರ ಮೇಲೆ! 50ಡಿಯ 800 ಎಲ್ಲಿ, ಇದೆಲ್ಲಿ. ಟೈ ಥರ ಪೂರ್ತಿ ಎಳೆತದಲ್ಲಿರೋ ಮೆಂಬರ್‌ಗೆ ಮೊದಲಿಗೇ ಎರಡು ಪಟ್ಟು.

ಹುಕ್‌ಗೆ ಲೆಕ್ಕ ಇದೆ, ಆದ್ರೆ ಅರ್ಧ ಅಲ್ಲ: 90 ಡಿಗ್ರಿ ಬೆಂಡ್‌ಗೆ 8ಡಿ, ಅಂದ್ರೆ 128 ಎಂಎಂ, ಯು ಹುಕ್‌ಗೆ 16ಡಿ, 256 ಎಂಎಂ. ಲ್ಯಾಪ್‌ನ ನೇರ ಭಾಗ ಮಾತ್ರ 15ಡಿ ಅಥವಾ 200 ಎಂಎಂಗಿಂತ ಕಮ್ಮಿ ಆಗೋ ಹಾಗಿಲ್ಲ.