ಲೆಕ್ಕ ಕಷ್ಟ ಅಂತೆ, ಒಂದು ಟೈಮ್ ಟೇಬಲ್ ಹಾಕ್ಕೊಡು

ಮೊನ್ನೆ ಭಾನುವಾರ ಬೆಳಿಗ್ಗೆ, ಹಾಸನದ ಜನವರಿ ಚಳೀಲಿ ಕಂಬಳಿ ಒಳಗಿಂದ ಕೈ ಆಚೆ ಹಾಕೋದೇ ಒಂದು ಸಾಹಸ, ಅಂಥ ಹೊತ್ತಲ್ಲಿ ಬಾಳ್ಳುಪೇಟೆ ಅಕ್ಕನ ಫೋನು. ನಮ್ಮ ದೊಡ್ಡಮ್ಮನ ಮಗಳು. 'ಲೋ, ನಮ್ ಚಂದೂಗೆ ಸೆಕೆಂಡ್ ಪಿಯುಸಿ ಪರೀಕ್ಷೆ ಬಂತು, ಲೆಕ್ಕ ಕಷ್ಟ ಅಂತಾನೆ, ನೀನೊಂದು ಟೈಮ್ ಟೇಬಲ್ ಹಾಕ್ಕೊಡು. ಇವತ್ತೇ ಹಾಕು, ನಾಳೆಯಿಂದ ಓದಕ್ಕೆ ಕೂರುಸ್ತೀನಿ.' ಇಷ್ಟು ಹೇಳಿ ಕುಕ್ಕರ್ ಕೂಗ್ತು ಅಂತ ಇಟ್ಟೇಬಿಟ್ಳು.

ನಾನು ಹೈಸ್ಕೂಲಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಹೇಳ್ಕೊಟ್ಟು ರಿಟೈರಾದೋನು. ನಮ್ಮ ಕಡೆ ಮೇಷ್ಟ್ರು ಅಂದ್ರೆ ಟೈಮ್ ಟೇಬಲ್ ಅನ್ನೋದು ಜೇಬಲ್ಲೇ ಇರುತ್ತೆ, ವಿಳ್ಯದೆಲೆ ಥರ ತೆಗೆದು ಕೊಡೋದಷ್ಟೇ ಅಂದ್ಕೊಂಡಿದ್ದಾರೆ. ಯಾವ ಸಬ್ಜೆಕ್ಟು, ಯಾವ ಡೇಟು, ದಿನಕ್ಕೆ ಎಷ್ಟೊತ್ತು ಬಿಡುವು, ಎಲ್ಲಿ ಎಡವ್ತಾನೆ, ಇದ್ಯಾವ್ದೂ ಬೇಡ. ಟೈಲರ್ ಹತ್ರ ಹೋಗಿ ಅಳತೆ ಕೊಡ್ದೆ ಒಂದು ಪ್ಯಾಂಟ್ ಹೊಲ್ಕೊಡಿ ಅಂದಂಗೆ.

ಸರಿ, ಹುಡುಗನ್ನೇ ಕೇಳೋಣ ಅಂತ ವಾಟ್ಸಾಪ್ ಮಾಡ್ದೆ.

'ಯಾವ್ಯಾವ ಸಬ್ಜೆಕ್ಟ್ ಓದ್ಬೇಕು?'
'ಎಲ್ಲಾ ಮಾವ.'
'ಪರೀಕ್ಷೆ ಯಾವತ್ತು?'
'ಹತ್ರ ಇದೆ ಮಾವ.'
'ದಿನಕ್ಕೆ ಎಷ್ಟೊತ್ತು ಬಿಡುವು ಸಿಗುತ್ತೆ?'
'ಸಿಗುತ್ತೆ ಮಾವ.'
'ಯಾವುದು ಕಷ್ಟ?'
'ಏನಿಲ್ಲ ಮಾವ, ಎಲ್ಲಾ ಓಕೆ.'

ಕೊನೆಗೊಂದು ಕೈಮುಗಿಯೋ ಚಿತ್ರ. ನಾಲ್ಕು ಪ್ರಶ್ನೆಗೂ ಉತ್ತರ ಬಂದಿದೆ, ಒಂದರಲ್ಲೂ ಏನೂ ಇಲ್ಲ. ಇಂಥ ಉತ್ತರ ಬರೆದ್ರೆ ನಾನಾದ್ರೂ ಮಾರ್ಕ್ಸ್ ಹೆಂಗೆ ಕೊಡ್ಲಿ ಹೇಳಿ.

ಅಲ್ಲಿಗೆ ಸುಮ್ನಾಗ್ಬೇಕಿತ್ತು. ಆದ್ರೆ ಅಕ್ಕ ಸಾಯಂಕಾಲದೊಳಗೆ ಮೂರು ಸಲ 'ಆಯ್ತೇನೋ' ಅಂತ ಫೋನ್ ಮಾಡಿದ್ಲು, ನಂಗೂ ರೋಷ ಬಂತು, ಕೂತೆ. ಪಿಯುಸಿ, ಲೆಕ್ಕ ಕಷ್ಟ, ಅಲ್ಲಿಗೆ ಪಿಸಿಎಂಬಿ ಅಂತ ನಾನೇ ತೀರ್ಮಾನ ಮಾಡ್ಕೊಂಡೆ. ಡ್ರಾಯಿಂಗ್ ಶೀಟು, ಸ್ಕೇಲು, ನಾಲ್ಕು ಬಣ್ಣದ ಸ್ಕೆಚ್ ಪೆನ್ನು. ಬೆಳಗಿನ ಜಾವ ನಾಲ್ಕರಿಂದ ಏಳು, ಸಂಜೆ ಐದರಿಂದ ಹತ್ತು, ದಿನಕ್ಕೆ ಎಂಟು ಗಂಟೆ. ಲೆಕ್ಕ ಕಷ್ಟ ಅಂದಿದ್ನಲ್ಲ, ಅದಕ್ಕೇ ದಿನಾ ಒಂದೂವರೆ ಗಂಟೆ ಇಂಟಿಗ್ರೇಷನ್ನು, ಕೆಂಪು ಬಣ್ಣದಲ್ಲಿ. ಮದುವೆ ಲಗ್ನಪತ್ರಿಕೆ ಕೂಡ ಅಷ್ಟು ಚೆನ್ನಾಗಿರಲ್ಲ, ನಾನೇ ಎರಡು ಸಲ ದೂರ ನಿಂತು ನೋಡ್ದೆ. ಮಾರನೇ ದಿನ ಬಸ್ಸಲ್ಲಿ ಹೋಗೋರ ಕೈಲಿ ಕಳ್ಸಿದ್ದಾಯ್ತು. ಅಕ್ಕ ಅದನ್ನ ಲ್ಯಾಮಿನೇಷನ್ ಮಾಡ್ಸಿ, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಗೋಡೆಗೆ ಹೊಡೆಸಿದ್ಲು. ಫೋಟೋ ಬಂತು.

ಐದನೇ ದಿನ ಹುಡುಗನ ಮೆಸೇಜು.

'ಮಾವ, ಇಂಟಿಗ್ರೇಷನ್ ಅಂದ್ರೆ ಏನು?'

ಎದೆ ಧಸಕ್ಕಂತು. ಮಾರ್ಚಲ್ಲಿ ಪರೀಕ್ಷೆ ಇಟ್ಕೊಂಡು ಈಗ ಕೇಳ್ತಿದಾನಲ್ಲ ಅಂತ ತಕ್ಷಣ ಫೋನ್ ಮಾಡಿ, ವಕ್ರರೇಖೆ ಕೆಳಗಿನ ವಿಸ್ತೀರ್ಣದಿಂದ ಶುರು ಮಾಡ್ದೆ ನೋಡಿ, ಇಪ್ಪತ್ತು ನಿಮಿಷ. ಆ ಕಡೆಯಿಂದ 'ಹೂಂ ಮಾವ, ಹೂಂ ಮಾವ' ಬರ್ತಾನೇ ಇದೆ. ಕೊನೆಗೆ ಮೆಲ್ಲಗೆ, 'ಮಾವ, ಇದು ನಮಗೂ ಇದ್ಯಾ? ನಂದು ಕಾಮರ್ಸು' ಅಂದ.

ಅಡುಗೆಮನೆಯಿಂದ ನನ್ನ ಹೆಂಡ್ತಿ ನಕ್ಕಿದ್ದು ಪಕ್ಕದ ಮನೆಗೂ ಕೇಳಿರುತ್ತೆ. ಅವಳು ಪಿಯು ಕಾಲೇಜಲ್ಲಿ ಅಕೌಂಟೆನ್ಸಿ ಲೆಕ್ಚರರ್ರು. 'ರೀ, ಲೆಕ್ಕ ಅಂದ್ರೆ ನಿಮಗೆ ನಿಮ್ಮ ಲೆಕ್ಕ ಒಂದೇನಾ? ಅಕೌಂಟ್ಸು ಲೆಕ್ಕ ಅಲ್ವಾ?' ಹುಡುಗಂದು ಎಸ್‌ಇಬಿಎ. ಸ್ಟ್ಯಾಟಿಸ್ಟಿಕ್ಸು, ಎಕನಾಮಿಕ್ಸು, ಬಿಸಿನೆಸ್ ಸ್ಟಡೀಸು, ಅಕೌಂಟೆನ್ಸಿ. ನಾನು ಕೊಟ್ಟಿದ್ದ ಫಿಸಿಕ್ಸು, ಕೆಮಿಸ್ಟ್ರಿ ಗಂಟೆಗಳಲ್ಲಿ ಏನು ಮಾಡ್ತಿದ್ದೆ ಅಂದ್ರೆ 'ಮಾವ ಹಾಕಿದಾರೆ ಅಂದ್ಮೇಲೆ ಏನೋ ಇರುತ್ತೆ ಅಂತ ಸುಮ್ನೆ ಕೂತಿರ್ತಿದ್ದೆ' ಅಂತಾನೆ.

ಶನಿವಾರ ಮನೆಗೇ ಕರೆಸಿದ್ವಿ. 'ಯಾವುದು ಕಷ್ಟ ಅಂತ ಅವನ್ನ ಕೇಳ್ಬೇಡಿ, ಪ್ರಿಪರೇಟರಿ ಆನ್ಸರ್ ಶೀಟ್ ತರಕ್ಕೆ ಹೇಳಿ' ಅಂದಿದ್ಲು ಇವ್ಳು. ಯಾಕೆ ಅಂತ ಶೀಟ್ ನೋಡಿದ್ಮೇಲೆ ಗೊತ್ತಾಯ್ತು. ಇಬ್ಬರು ಪಾಲುದಾರರು, ಲಾಭ ಹಂಚ್ಕೊಳ್ಳೋದು 3:2. ಮೂರನೆಯವನೊಬ್ಬ ಆರನೇ ಒಂದು ಪಾಲಿಗೆ ಸೇರ್ಕೋತಾನೆ, ಹೊಸ ಅನುಪಾತ 3:2:1. ಅವನು ಬರೋ ಹೊತ್ತಿಗೆ ಆಸ್ತಿಗೆಲ್ಲ ಹೊಸದಾಗಿ ಬೆಲೆ ಕಟ್ಟಿದಾಗ 12,000 ರೂಪಾಯಿ ಲಾಭ. ಇದು ಅವನು ಕಾಲಿಡೋಕೆ ಮುಂಚಿನ ಲಾಭ, ಹಳಬರಿಬ್ಬರಿಗೇ ಹಳೇ ಅನುಪಾತದಲ್ಲಿ 7,200 ಮತ್ತು 4,800 ಹೋಗ್ಬೇಕು. ನಮ್ಮ ಚಂದು ಮೂರೂ ಜನಕ್ಕೆ ಹಂಚಿದ್ದ, 6,000, 4,000, 2,000. ಹೊಸಬ ಚಪ್ಪಲಿ ಬಿಡೋಕೆ ಮುಂಚೆ ಕೈಗೆ ಎರಡು ಸಾವಿರ!

ತಮಾಷೆ ಏನಂದ್ರೆ, ಬ್ಯಾಲೆನ್ಸ್ ಶೀಟು ಟ್ಯಾಲಿ ಆಗಿದೆ. ಆಗ್ಲೇಬೇಕು, ಒಟ್ಟು ಬಂಡವಾಳ ಅಷ್ಟೇ ಇರುತ್ತಲ್ಲ, ಹಂಚಿಕೆ ಮಾತ್ರ ತಪ್ಪು. ಟ್ಯಾಲಿ ಆಯ್ತು ಅಂತ ಹುಡುಗ ಖುಷಿಯಾಗಿ ಎರಡು ಗೆರೆ ಎಳೆದು ಎದ್ದುಬಂದಿದ್ದಾನೆ. ಈ ತಪ್ಪು ಹಿಡಿಯೋಕೆ ಹೊಸಬನ ಬಂಡವಾಳದ ಖಾತೆ ನೋಡ್ಬೇಕಂತೆ, ಅವನು ತಂದಿದ್ದಕ್ಕಿಂತ ಜಾಸ್ತಿ ಅಲ್ಲಿ ಕೂತಿದ್ರೆ, ಎಲ್ಲಿಂದ ಬಂತು ಅಂತ ಹಿಂದಕ್ಕೆ ಹೋಗಿ ಹುಡುಕ್ಬೇಕಂತೆ. ಇವ್ಳು ಹೇಳ್ತಿದ್ಲು, ನಾನೂ ಹುಡುಗನ ಪಕ್ಕ ಕೂತು ಬರ್ಕೊಂಡೆ.

ಆಮೇಲೆ ಬಿಡುವಿನ ವಿಚಾರ. ಗಡಿಯಾರ ಇಟ್ಕೊಂಡು ಒಂದು ದಿನ ಪೂರ್ತಿ ಹೇಳಪ್ಪ ಅಂದೆ. ಏಳೂವರೆಗೆ ಹಾಸನದ ಬಸ್ಸು, ವಾಪಸ್ ಮನೆ ಸೇರೋದು ಆರಕ್ಕೆ. ಈಗ ರೊಬಸ್ಟಾ ಕುಯ್ಲು. ಬಂದ ತಕ್ಷಣ ಕಣಕ್ಕೆ ಓಡಿ, ಹರಡಿರೋ ಕಾಫಿ ಎಲ್ಲ ಎಳೆದು ಗುಡ್ಡೆ ಮಾಡಿ, ಇಬ್ಬನಿ ಬೀಳೋದ್ರೊಳಗೆ ಟಾರ್ಪಾಲು ಹೊದಿಸ್ಬೇಕು. ನೆನೆದ್ರೆ ಬೂಷ್ಟು ಹಿಡಿಯುತ್ತೆ. ಅಂದ್ರೆ ನಾನು 'ಸಂಜೆ ಐದಕ್ಕೆ ಕೆಮಿಸ್ಟ್ರಿ' ಅಂತ ಹಸಿರು ಬಣ್ಣದಲ್ಲಿ ಬರೆದಿದ್ದಾಗ ಈ ಪ್ರಾಣಿ ಇನ್ನೂ ಆಲೂರು ದಾಟಿರ್ತಿರ್ಲಿಲ್ಲ! ಕೂಡಿಸಿ ಕಳೆದ್ರೆ ದಿನಕ್ಕೆ ಸಿಗೋದು ಮೂರೂವರೆ ಗಂಟೆ, ಭಾನುವಾರ ಐದು. ಪರೀಕ್ಷೆಗೆ 35 ದಿನ, ಅದ್ರಲ್ಲಿ 5 ಭಾನುವಾರ. ಒಟ್ಟು 130 ಗಂಟೆ. ನಾನು ಗೋಡೆಗೆ ಹೊಡೆಸಿದ್ದು 280.

ಹೊಸದು ರಫ್ ನೋಟಲ್ಲಿ ಪೆನ್ಸಿಲಲ್ಲಿ ಬರೆದ್ವಿ. ಅಕೌಂಟ್ಸಿಗೆ 40 ಗಂಟೆ, ಸ್ಟ್ಯಾಟ್ಸಿಗೆ 30, ಕನ್ನಡ, ಇಂಗ್ಲಿಷ್ ಸೇರಿ ಉಳಿದ ನಾಲ್ಕಕ್ಕೆ 48. ಉಳಿದ 12 ಗಂಟೆಗೆ ಏನೂ ಬರೀಲಿಲ್ಲ, ಜ್ವರ, ತಿಥಿ, ಕೆಟ್ಟು ನಿಂತ ಬಸ್ಸು ಇವಕ್ಕೆಲ್ಲ ಬೇಕಲ್ಲ. ಲೆಕ್ಕ ಮಾಡೋದೆಲ್ಲ ಬೆಳಿಗ್ಗೆಗೆ ಹಾಕಿದ್ವಿ, ಕಣದ ಕೆಲಸ ಮುಗಿಸಿ ಬಂದು ಅಕೌಂಟ್ಸ್ ಹಿಡಿದ್ರೆ ಹುಡುಗ ಅಂಕಣ ತಪ್ಪಿಸ್ತಾನೆ.

ಊಟಕ್ಕೆ ಕೂತಾಗ ಕೇಳ್ದೆ, 'ಅಲ್ವೋ, ಅವತ್ತೇ ಇದೆಲ್ಲ ಹೇಳೋಕೆ ಏನಾಗಿತ್ತು ನಿಂಗೆ? ಎಲ್ಲಾ ಓಕೆ ಅಂತ ಯಾಕಂದೆ?'

ಮುದ್ದೆ ಮುರೀತಾ ತಲೆ ಎತ್ತದೇ ಹೇಳ್ದ, 'ಕಷ್ಟ ಅಂದ್ರೆ ಅಪ್ಪ, ಹಂಗಾದ್ರೆ ಬಿಟ್ಟು ತೋಟಕ್ಕೆ ಬಾ ಅಂತಾರೆ ಮಾವ.'

ನಾನು ಸುಮ್ನಾದೆ. ನಮ್ಮಪ್ಪನೂ ಹಂಗೇ ಅಂತಿದ್ರು, ನಾನೂ ಮಾರ್ಕ್ಸ್ ಕಾರ್ಡ್ ಬರೋ ತನಕ ಎಲ್ಲಾ ಓಕೆ ಅಂತಾನೇ ಇದ್ದೆ. ಇವ್ಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ್ಲು.

ನಿನ್ನೆ ಭಾವನ ಫೋನು. ಸಾಮಾನ್ಯಕ್ಕೆ ಮಾತಾಡೋ ಆಸಾಮಿ ಅಲ್ಲ. 'ಮೇಷ್ಟ್ರೇ, ನಿಮ್ ಟೈಮ್ ಟೇಬಲ್ಲು ಬಹಳ ಉಪಯೋಗ ಆಯ್ತು ಕಣ್ರೀ' ಅಂದ್ರು. ನಂಗೆ ಒಳಗೊಳಗೇ ಹಿಗ್ಗು, ಪೆನ್ಸಿಲ್‌ದಾ ಅಂತ ಕೇಳ್ದೆ. ಅಲ್ವಂತೆ, ಲ್ಯಾಮಿನೇಷನ್ ಮಾಡಿದ್ದು. ಅದರ ಹಿಂಭಾಗ ಬೆಳ್ಳಗಿದ್ಯಲ್ಲ, ಕಣದಲ್ಲಿ ನೇತು ಹಾಕ್ಕೊಂಡು ದಿನದ ಕಾಫಿ ಮೂಟೆ ಲೆಕ್ಕ ಬರೀತಾರಂತೆ, ಸಂಜೆ ಬಟ್ಟೇಲಿ ಒರೆಸಿದ್ರೆ ಹೋಗುತ್ತಂತೆ. 'ಇನ್ನೊಂದು ಸಿಗುತ್ತಾ? ಮೆಣಸು ಕುಯ್ಲಿಗೆ ಬೇಕಿತ್ತು' ಅಂದ್ರು.