ಗರ್ಭಿಣಿಯರಿಗೆ ಮೊದಲ ಶುಗರ್ ಟೆಸ್ಟ್ ನಾರ್ಮಲ್ ಬಂದರೂ ಎರಡನೆಯದು ಬೇಕು

“ಮೂರನೇ ತಿಂಗಳಲ್ಲಿ ಶುಗರ್ ನಾರ್ಮಲ್ ಬಂದಿದೆ, ಮತ್ತೆ ಗ್ಲೂಕೋಸ್ ಕುಡಿಯೋದು ಬೇಡ. ಶುಗರ್ ಬಂದರೂ ಅನ್ನ ಬಿಟ್ಟು ಮುದ್ದೆ ತಿಂದರೆ ಆಯ್ತು.”

ಗರ್ಭಿಣಿಯರು ಹೇಳುವ ಈ ಎರಡು ಮಾತೂ ತಪ್ಪು. ಗರ್ಭ ಬೆಳೆದಂತೆ ಮಾಸು ಬಿಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಈ ಅಡ್ಡಿ ಜಾಸ್ತಿಯಾಗುವುದೇ ಐದನೇ ತಿಂಗಳ ನಂತರ. ಅದಕ್ಕೇ 24ರಿಂದ 28ನೇ ವಾರದಲ್ಲಿ ಮತ್ತೆ ಟೆಸ್ಟ್ ಮಾಡುತ್ತಾರೆ.

ಸರ್ಕಾರಿ ಆಸ್ಪತ್ರೆಯ ವಿಧಾನ ಸುಲಭ. ಖಾಲಿ ಹೊಟ್ಟೆಯಲ್ಲೇ ಹೋಗಬೇಕಿಲ್ಲ. 75 ಗ್ರಾಂ ಗ್ಲೂಕೋಸನ್ನು 300 ಮಿಲಿ ನೀರಿಗೆ ಹಾಕಿ, ಐದು–ಹತ್ತು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಎರಡು ಗಂಟೆ ಆದ ಮೇಲೆ ರಕ್ತ ತೆಗೆಯುತ್ತಾರೆ. 140 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಗರ್ಭಿಣಿ ಸಕ್ಕರೆ ಕಾಯಿಲೆ. ಕುಡಿದ ಅರ್ಧ ಗಂಟೆಯೊಳಗೆ ವಾಂತಿಯಾದರೆ ಸಿಸ್ಟರ್‌ಗೆ ಹೇಳಿಬಿಡಿ, ಟೆಸ್ಟ್ ಇನ್ನೊಂದು ದಿನ ಮಾಡಬೇಕು. ಸಂಕೋಚಪಟ್ಟು ಸುಮ್ನೆ ಕೂತರೆ ರಿಪೋರ್ಟ್ ತಪ್ಪಾಗುತ್ತದೆ.

ಒಂದು ಉದಾಹರಣೆ. 10ನೇ ವಾರದಲ್ಲಿ 112 ಇದ್ದವರಿಗೆ 26ನೇ ವಾರದಲ್ಲಿ 156 ಬಂತು ಅಂದುಕೊಳ್ಳಿ. ಅವರು ಅನ್ನ ಬಿಟ್ಟು ಎರಡು ದೊಡ್ಡ ಮುದ್ದೆ, ತಿಳಿಸಾರು ಉಣ್ಣುತ್ತಾರೆ. ರಾಗಿಯಲ್ಲೂ ಬಹುಪಾಲು ಪಿಷ್ಟವೇ ಅಲ್ವಾ? ಸಿಸ್ಟರ್ ಹೇಳುವುದು ಹೀಗೆ: ಒಂದೇ ಚಿಕ್ಕ ಮುದ್ದೆ, ಜೊತೆಗೆ ಗಟ್ಟಿ ಬೇಳೆ ಅಥವಾ ಮೊಳಕೆಕಾಳಿನ ಸಾರು, ತಟ್ಟೆ ತುಂಬ ಸೊಪ್ಪಿನ ಪಲ್ಯ. ನಡುವೆ ಹಸಿವಾದರೆ ಮಜ್ಜಿಗೆ, ಒಂದು ಹಿಡಿ ಕಡಲೆ. ಊಟ ತಪ್ಪಿಸುವುದು ಬೇಡವೇ ಬೇಡ, ಮಗುವಿಗೂ ಆಹಾರ ಬೇಕು.

ಎರಡು ವಾರದ ನಂತರ, ಊಟವಾಗಿ ಎರಡು ಗಂಟೆಗೆ ಮತ್ತೆ ನೋಡುತ್ತಾರೆ. 120ಕ್ಕಿಂತ ಕಡಿಮೆ ಇದ್ದರೆ ಇದೇ ಊಟ ಮುಂದುವರಿಯುತ್ತದೆ. ಇಲ್ಲದಿದ್ದರೆ ಡಾಕ್ಟರು ಮಾತ್ರೆ ಅಥವಾ ಇನ್ಸುಲಿನ್ ಶುರುಮಾಡುತ್ತಾರೆ.